ಏಳು ಚಿತ್ರ, ನೂರೈವತ್ತು ಶಬ್ದ

ಬೇನಜೀರಳ ಇಂಗ್ಲಿಷಿಗೆ ಅಂಥ ಧಾಡಿಯೇನೂ ಇರಲಿಲ್ಲ. ವಿದೇಶಕ್ಕೆ ಹೋಗುವವರು ಬರೆಯುವ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಓದುವುದಕ್ಕೆ ಒಂಬತ್ತಕ್ಕೆ ಏಳೂವರೆ, ಕೇಳುವುದಕ್ಕೆ ಏಳೂವರೆ, ಮಾತಾಡುವುದಕ್ಕೆ ಏಳು ಬಂದಿತ್ತು. ಬರೆಯುವುದಕ್ಕೆ ಮಾತ್ರ ಆರು. ಎರಡು ಸಲ ಬರೆದಿದ್ದಳು, ಎರಡೂ ಸಲ ಅದೇ ಆರು, ಗೂಟ ಹೊಡೆದು ಕೂತ ಹಾಗೆ. ಇಂಗ್ಲೆಂಡಿನ ದೊಡ್ಡ ಆಸ್ಪತ್ರೆಯೊಂದು ಅವಳನ್ನು ಆಪರೇಷನ್ ಥಿಯೇಟರಿನ ನರ್ಸ್ ಎಂದು ಆರಿಸಿಕೊಂಡಾಗಿತ್ತು. ಬರವಣಿಗೆಯಲ್ಲಿ ಆರೂವರೆ ತೋರಿಸು, ಬಾ ಎಂದಿದ್ದರು. ತಿಂಗಳ ಕೊನೆಯವರೆಗೆ ಕಾಯುತ್ತಾರೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಮೂರನೆಯ ಪರೀಕ್ಷೆ ಹುಬ್ಬಳ್ಳಿಯಲ್ಲಿ, ಬರುವ ವಾರ. ಹೃದಯವನ್ನು ತೆರೆದು ಮುಚ್ಚುವ ಥಿಯೇಟರಿನಲ್ಲಿ ನಿಂತು ಕೆಲಸ ಮಾಡಬೇಕೆಂಬುದು ಅವಳ ಹತ್ತು ವರ್ಷದ ಆಸೆ. ಅಂಥ ಆಸೆ ಅರ್ಧ ಅಂಕಕ್ಕೆ ನೇತುಬಿದ್ದಿತ್ತು.

ಅವಳ ಮನೆ ಬ್ಯಾಡಗಿಯಲ್ಲಿ. ಅಪ್ಪ ಗೂಡುಸಾಬ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರ ಮುಕಾದಮ, ತಾಯಿ ಜುಬೇದಾ. ಕೆಲಸ ಹಾವೇರಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ, ಕೋಚಿಂಗ್ ರಾಣೇಬೆನ್ನೂರಿನಲ್ಲಿ. ಹೀಗೆ ಬೆಳಿಗ್ಗೆ ಒಂದು ದಿಕ್ಕಿಗೆ, ಸಂಜೆ ಇನ್ನೊಂದು ದಿಕ್ಕಿಗೆ ಓಡಾಡಿ ಓಡಾಡಿ, ರೈಲಿನ ಚಹಾದವನಿಗೂ ಅವಳ ಅಂಕ ಗೊತ್ತಾಗಿತ್ತು.

ಕೋಚಿಂಗ್ ನಡೆಸುವವರು ಕಿರಣಕುಮಾರ ಸರ್. ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ, ಎಂಟು ಬೆಂಚು, ಒಂದು ಬೋರ್ಡು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ಬೇಸತ್ತು ಬಂದ ಮನುಷ್ಯ. ಕಣ್ಣಿಗೆ ಕನ್ನಡಕ, ಕೈಗೆ ಕೆಂಪು ಪೆನ್ನು, ಬಾಯಿಗೆ ಒಂದೇ ಮಂತ್ರ.

"ಚಿತ್ರದಾಗ ಐತೇನು? ಬರೀರಿ. ಚಿತ್ರದಾಗ ಇಲ್ಲಾ? ಬಿಡ್ರಿ. ನಿಮ್ಮ ಶಾಣ್ಯಾತನ ಯಾರೂ ಕೇಳಿಲ್ಲ."

ಬರವಣಿಗೆಯ ಮೊದಲ ಪ್ರಶ್ನೆಯಲ್ಲಿ ಒಮ್ಮೊಮ್ಮೆ ಒಂದು ಪ್ರಕ್ರಿಯೆಯ ಚಿತ್ರ ಕೊಡುತ್ತಾರೆ. ಒಂದು ವಸ್ತು ಹೇಗೆ ತಯಾರಾಗುತ್ತದೆ ಎಂದು ಬಾಣ ಹಾಕಿ ಹಂತಹಂತವಾಗಿ ತೋರಿಸಿರುತ್ತಾರೆ. ಅದನ್ನು ಇಪ್ಪತ್ತು ನಿಮಿಷದಲ್ಲಿ ಕನಿಷ್ಠ ನೂರೈವತ್ತು ಶಬ್ದಗಳ ವರದಿಯಾಗಿ ಬರೆಯಬೇಕು. ಸರ್ ಬೋರ್ಡಿನ ಮೇಲೆ ಬರೆದು ತಿಂಗಳಾದರೂ ಅಳಿಸಿರಲಿಲ್ಲ. ಮೊದಲ ವಾಕ್ಯದಲ್ಲಿ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹೇಳಿ. ಆಮೇಲೆ ಒಟ್ಟು ಎಷ್ಟು ಹಂತ, ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನಿ. ಆಮೇಲೆ ಒಂದೊಂದೇ ಹಂತ, ಫಸ್ಟ್, ನೆಕ್ಸ್ಟ್, ಆಫ್ಟರ್ ದಟ್, ಫೈನಲಿ ಎಂದು ಪೋಣಿಸಿಕೊಂಡು ಹೋಗಿ. ಯಾರು ಮಾಡಿದರು ಎಂಬುದು ಬೇಡ, ಏನು ಮಾಡಲಾಗುತ್ತದೆ ಎಂಬುದಷ್ಟೇ ಸಾಕು, ಅದಕ್ಕೇ ಪ್ಯಾಸಿವ್ ವಾಯ್ಸ್. ಅಭಿಪ್ರಾಯ ಬೇಡ, ಕಾರಣ ಬೇಡ, ಹೊರಗಿನ ಮಾಹಿತಿ ಬೇಡವೇ ಬೇಡ.

ಇದರಲ್ಲಿ ಬೇನಜೀರಳಿಗೆ ತಿಳಿಯದ್ದು ಏನೂ ಇರಲಿಲ್ಲ. ಪ್ಯಾಸಿವ್ ವಾಯ್ಸಿನಲ್ಲಿ ಬರೆಯುವುದು ನರ್ಸುಗಳಿಗೆ ಬಾಯಿಪಾಠ. ಇಂಜೆಕ್ಷನ್ ಕೊಡಲಾಗಿದೆ, ಡ್ರೆಸಿಂಗ್ ಬದಲಿಸಲಾಗಿದೆ, ನಾಡಿ ನೋಡಲಾಗಿದೆ ಎಂದು ದಿನಕ್ಕೆ ನೂರು ಸಲ ಬರೆಯುವವರು ಅವರು. ಅಷ್ಟಿದ್ದೂ ಎಲ್ಲಿ ಎಡವುತ್ತಿದ್ದೇನೆ ಎಂಬುದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆಯವರಂತೂ ಅಂಕ ಕಳಿಸುತ್ತಾರೆಯೇ ಹೊರತು ತಪ್ಪು ಯಾವುದೆಂದು ಹೇಳುವುದಿಲ್ಲ.

ಬುಧವಾರ ಸಂಜೆ ಸರ್ ಒಂದು ಹೊಸ ಚಿತ್ರ ಹಂಚಿದರು. "ನರ್ಸ್ ಅದಾರಲ್ಲ ನಮ್ಮಲ್ಲಿ, ಅವರ ಸಲುವಾಗಿ ನಾನ ಕೈಯಾರೆ ಬಿಡಿಸೇನಿ," ಎಂದು ಹೆಮ್ಮೆಯಿಂದ ಬೇನಜೀರಳ ಕಡೆ ನೋಡಿದರು. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟಗಳನ್ನು ಮತ್ತೆ ಬಳಸಲು ಹೇಗೆ ಸಿದ್ಧ ಮಾಡುತ್ತಾರೆ ಎಂಬ ಚಿತ್ರ ಅದು. ಒಟ್ಟು ಏಳು ಹಂತ. ಬಳಸಿದ ಸಲಕರಣೆಗಳನ್ನು ತಟ್ಟೆಯಲ್ಲಿ ಕೂಡಿಸುವುದು, ದ್ರಾವಣದ ಬಕೆಟ್ಟಿನಲ್ಲಿ ನೆನೆಸುವುದು, ಬ್ರಷ್ಷಿನಿಂದ ಉಜ್ಜುವುದು, ನಲ್ಲಿಯ ನೀರಿನಲ್ಲಿ ತೊಳೆಯುವುದು, ಬಟ್ಟೆಯಲ್ಲಿ ಸುತ್ತುವುದು, ಉಗಿಯ ಯಂತ್ರದಲ್ಲಿ ಇಡುವುದು, ಕಪಾಟಿನಲ್ಲಿ ಜೋಡಿಸುವುದು. ಬಕೆಟ್ಟಿನ ಕೆಳಗೆ ಇಪ್ಪತ್ತು ನಿಮಿಷ, ಯಂತ್ರದ ಕೆಳಗೆ ನೂರಾ ಇಪ್ಪತ್ತೊಂದು ಡಿಗ್ರಿ, ಮೂವತ್ತು ನಿಮಿಷ ಎಂದಿತ್ತು. ಕೊನೆಯ ಬಾಣ ಕಪಾಟಿನಿಂದ ಹೊರಟು ಮೊದಲ ತಟ್ಟೆಗೇ ಬಂದು ಸೇರುತ್ತಿತ್ತು.

ಬೇನಜೀರ ಒಳಗೊಳಗೇ ಹಿಗ್ಗಿದಳು. ಇದು ಅವಳ ಅನ್ನದ ಕೆಲಸ. ಪೆನ್ನು ಹಿಡಿದವಳು ನಿಲ್ಲಿಸಲೇ ಇಲ್ಲ. ನಾಲ್ಕನೆಯ ಚಿತ್ರ ಮುಗಿದು ಐದಕ್ಕೆ ಬಂದಾಗ ಮಾತ್ರ ಕೈ ತಡೆಯಿತು. ತೊಳೆದದ್ದನ್ನು ಹಸಿಯಾಗಿಯೇ ಸುತ್ತುತ್ತಾರೆಯೇ? ನಡುವೆ ಒರೆಸಿ ಒಣಗಿಸುವ ಚಿತ್ರ ಎಲ್ಲಿ? ಸರ್ ಮರೆತಿದ್ದಾರೆ ಪಾಪ ಎಂದುಕೊಂಡು, ಅವರಿಗೆ ಉಪಕಾರ ಮಾಡುವವಳ ಹಾಗೆ, 'ಆಮೇಲೆ ಸಲಕರಣೆಗಳನ್ನು ಪೂರ್ತಿ ಒರೆಸಿ ಒಣಗಿಸಲಾಗುತ್ತದೆ' ಎಂದು ಸೇರಿಸಿದಳು. ಬಟ್ಟೆಯ ಮೇಲೆ ಅಂಟಿಸುವ ಪಟ್ಟಿ, ಉಗಿ ಸರಿಯಾಗಿ ತಾಗಿದರೆ ಅದರ ಗೆರೆ ಕಪ್ಪಾಗುವುದು, ಅದನ್ನೂ ಸೇರಿಸಿದಳು. ಒಟ್ಟು ಎಂಟು ಹಂತ ಎಂದು ಮೇಲೆ ತಿದ್ದಿದಳು.

ಸರ್ ಓದಿದರು. ಕೆಂಪು ಪೆನ್ನು ಎರಡು ಕಡೆ ಉದ್ದಕ್ಕೆ ಗೆರೆ ಎಳೆಯಿತು, ಕೆಳಗೆ ಐದೂವರೆ ಎಂದು ಬರೆಯಿತು.

ಪಕ್ಕದ ಬೆಂಚಿನಲ್ಲಿ ಕೂತಿದ್ದ ಜಾಕೀರ್‌ಗೆ ಏಳು. ಅವನು ಆಸ್ಟ್ರೇಲಿಯಾಕ್ಕೆ ಎಂಬಿಎ ಓದಲು ಹೊರಟವನು. ಆಪರೇಷನ್ ಥಿಯೇಟರನ್ನು ಸಿನಿಮಾದಲ್ಲಿ ಬಿಟ್ಟರೆ ಎಲ್ಲೂ ಕಂಡವನಲ್ಲ. ಉಗಿಯ ಯಂತ್ರವನ್ನು ಬಿರಿಯಾನಿಯ ದೊಡ್ಡ ಕುಕ್ಕರ್ ಎಂದು ತಿಳಿದಿದ್ದ. ಆದರೂ ಏನು ಕಂಡಿತೋ ಅಷ್ಟನ್ನು ಬರೆದಿದ್ದ: ದೊಡ್ಡ ಪಾತ್ರೆಯೊಂದರಲ್ಲಿ ಮೂವತ್ತು ನಿಮಿಷ ಉಗಿಯಿಂದ ಕಾಯಿಸಲಾಗುತ್ತದೆ.

ಬೇನಜೀರಳಿಗೆ ಸಿಟ್ಟು ನೆತ್ತಿಗೇರಿತು. "ಸರ್, ಒರೆಸದ ಹಂಗ ಸುತ್ತಿದ್ರ ಪ್ಯಾಕ್ ಹಸಿ ಉಳಿತೈತ್ರಿ. ಹಸಿ ಅರಿವಿಯೊಳಗ ಹೊರಗಿನ ಹೊಲಸು ಇಳಿತೈತಿ. ಗಾಯ ಕೀವಾಗ್ತೈತಿ. ನೀವು ಬಿಡಿಸಿದ್ದ ತಪ್ಪೈತ್ರಿ."

"ಇರಲಿ ಬಿಡ್ರಿ. ನೀವು ಬರಿಯೋ ಹಾಳಿಯಿಂದ ಯಾರ ಹೊಟ್ಟಿನೂ ಕೊಯ್ಯೋದಿಲ್ಲ."

"ಹಂಗಂದ್ರ ಸುಳ್ಳು ಬರೀಬೇಕೇನ್ರಿ?"

"ಚಿತ್ರದಾಗ ಇದ್ದದ್ದು ಬರದ್ರ ಸುಳ್ಳ ಹೆಂಗಾಗ್ತೈತ್ರಿ ಸಿಸ್ಟರ್?" ಸರ್ ಕನ್ನಡಕ ತೆಗೆದರು. "ಹೋದ ಸಲ ಪರೀಕ್ಷಾದಾಗ ಯಾವ ಚಿತ್ರ ಬಂದಿತ್ತು?"

"ಟೊಮೆಟೊ ಡಬ್ಬಿಗೆ ತುಂಬೋದ್ರಿ."

"ಅದರಾಗ ಏನರ ಸೇರಿಸಿದ್ರೇನು?"

ಬೇನಜೀರ ನೆನಪು ಮಾಡಿಕೊಂಡಳು. ಸೇರಿಸಿದ್ದಳು. ಕೊಳೆತ ಹಣ್ಣುಗಳನ್ನು ಮೊದಲು ಆರಿಸಿ ತೆಗೆಯಲಾಗುತ್ತದೆ ಎಂದು. ಚಿತ್ರದಲ್ಲಿ ಇರಲಿಲ್ಲ, ಆದರೆ ಕೊಳೆತದ್ದನ್ನು ಯಾರು ಡಬ್ಬಿಗೆ ಹಾಕುತ್ತಾರೆ? ಆ ಒಂದು ವಾಕ್ಯಕ್ಕೆ ಪರೀಕ್ಷೆಯವರು ತನ್ನನ್ನು ಮೆಚ್ಚುತ್ತಾರೆಂದು ಹುಬ್ಬಳ್ಳಿಯಿಂದ ಬ್ಯಾಡಗಿಯವರೆಗೆ ಹಿಗ್ಗುತ್ತಾ ಬಂದಿದ್ದಳು.

"ನಿಮ್ಮ ಎರಡನೇ ಪ್ರಶ್ನಾದ ಪ್ರಬಂಧ ಭಾಳ ಚಲೋ ಇರ್ತೈತಿ. ನೀವು ಇಲ್ಲೇ ಕಳ್ಕೊಳ್ಳಾಕತ್ತೀರಿ," ಎಂದರು ಸರ್. "ಆಗಬೇಕಾದ್ದು ಬರೀತೀರಿ, ಕಾಣೋದು ಬರಿಯೂದಿಲ್ಲ. ಈ ಚಟ ನಿಮಗ ಎಲ್ಲಿಂದ ಹತ್ತೇತೋ ನನಗ ತಿಳಿವಲ್ದು. ಶುಕ್ರವಾರ ಇದನ್ನ ಮತ್ತ ಬರಕೊಂಡ ಬರ್ರಿ. ಏಳ ಅಂದ್ರ ಏಳ ಹಂತ."

ಅವಳು ಆ ಸಂಜೆ ರೈಲಿನಲ್ಲಿ ಹಾಳೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ತಿಳಿಯದವನಿಗೆ ಏಳು, ತಿಳಿದವಳಿಗೆ ಐದೂವರೆ. ಇದು ಯಾವ ನ್ಯಾಯವೋ ತಲೆಗೆ ಹತ್ತಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಜುಬೇದಾ, ಇವತ್ತು ಎಷ್ಟು ಬಂತು ಎಂದು ಕೇಳಿದಳು. ಬೇನಜೀರ ಚಿತ್ರ ತೋರಿಸಿ ತನ್ನ ದೂರು ಹೇಳಿಕೊಂಡಳು. ಜುಬೇದಾ ಬಹಳ ಹೊತ್ತು ನೋಡಿ, ಹಾಗಾದರೆ ಬಡಿಸಿದ್ದನ್ನು ಉಣ್ಣು, ಅಡುಗೆಯವರಿಗೆ ಅಡುಗೆ ಕಲಿಸಬೇಡ ಎಂದಳು. ಅದೂ ಬೇನಜೀರಳಿಗೆ ಸಮಾಧಾನ ತರಲಿಲ್ಲ.

ಗುರುವಾರ ಬೆಳಿಗ್ಗೆ ಹಾವೇರಿಯ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ಗಂಟೆಗೆ ಒಂದು ಹರ್ನಿಯಾ ಆಪರೇಷನ್ ಇತ್ತು. ಥಿಯೇಟರಿನ ತಯಾರಿಯೆಲ್ಲ ಬೇನಜೀರಳದು. ಹಿತ್ತಲಿನ ಬೇವಿನ ಗಿಡದ ಕೆಳಗೆ ಸಲಕರಣೆ ತೊಳೆದು, ಸುತ್ತಿ ಯಂತ್ರಕ್ಕೆ ಇಡುವವಳು ಸುಶೀಲವ್ವ, ಇಪ್ಪತ್ತು ವರ್ಷದಿಂದ ಅಲ್ಲಿ ಆಯಾ ಆಗಿದ್ದವಳು. ಯಂತ್ರದ ರಿಜಿಸ್ಟರ್ ಬರೆಯುವವಳು ಮತ್ತೆ ಬೇನಜೀರ. ಬಿಡುವಿನಲ್ಲಿ ಅವಳು ರಿಜಿಸ್ಟರಿನ ಪಕ್ಕದಲ್ಲೇ ಸರ್ ಕೊಟ್ಟ ಹಾಳೆ ಹರಡಿಕೊಂಡು ಏಳು ಹಂತ ಬರೆಯಲು ಕೂತಳು. ನಾಲ್ಕಕ್ಕೆ ಬಂದು ಮತ್ತೆ ನಿಂತಳು. ಐದನ್ನು ಬರೆಯಲು ಕೈ ಏಳಲೇ ಇಲ್ಲ.

ಸುಶೀಲವ್ವ ಹಸಿ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಬಗ್ಗಿ ನೋಡಿದಳು. ಅವಳಿಗೆ ಇಂಗ್ಲಿಷ್ ಬಾರದು, ಕನ್ನಡವೂ ಸಹಿಯಷ್ಟೇ. ಆದರೆ ಚಿತ್ರಕ್ಕೆ ಅಕ್ಷರ ಯಾಕೆ?

"ಯವ್ವಾ, ಇದು ನಮ್ಮ ಕೆಲಸ ಅಲ್ಲೇನು! ಯಾರ ಬಿಡಿಸ್ಯಾರ? ಒಂದೂ ಬಿಟ್ಟಿಲ್ಲ ನೋಡು. ಬಕೆಟ್ ಐತಿ, ಬ್ರಷ್ ಐತಿ, ನಳ ಐತಿ."

"ಒಂದ ಬಿಟ್ಟಾರ ನೋಡ ಸುಶೀಲವ್ವಾ. ತೊಳದ ಮ್ಯಾಲ ಒರಸೋದು ಎಲ್ಲೈತಿ ಇದ್ರಾಗ?"

ಸುಶೀಲವ್ವ ಮುಗ್ಧವಾಗಿ ನಕ್ಕಳು. "ನಾ ಎಲ್ಲಿ ಒರಸ್ತೇನವಾ? ಒಂದರ ಬೆನ್ನಿಗೆ ಒಂದು ಕೇಸ್ ಇರ್ತಾವು. ಒರಸಕೋತ ಕುಂತ್ರ ಡಾಕ್ಟರ್ ಬೈತಾರ. ಝಾಡಿಸಿ ಸುತ್ತಿ ಇಟ್ಟಬಿಡ್ತೇನಿ. ಹೆಂಗೂ ಬಿಸ್ಯಾಗ ಕುದಿತಾವಲ್ಲ."

ಬೇನಜೀರ ಅವಳ ಮುಖವನ್ನೇ ನೋಡಿದಳು. ಆಮೇಲೆ ಹಾಳೆಯನ್ನು ನೋಡಿದಳು. ಆಮೇಲೆ, ಬೇಡ ಬೇಡ ಎನ್ನುತ್ತಲೇ, ರಿಜಿಸ್ಟರನ್ನು ನೋಡಿದಳು. ದಿನದಿನದ ಸಾಲು, ದುಂಡನೆಯ ಅಕ್ಷರ, ಇಂಗ್ಲಿಷಿನಲ್ಲಿ: ತೊಳೆಯಲಾಗಿದೆ, ಒಣಗಿಸಲಾಗಿದೆ, ಸುತ್ತಲಾಗಿದೆ, ಯಂತ್ರದಲ್ಲಿ ಇಡಲಾಗಿದೆ. ಪುಟ ತಿರುವಿದಳು, ಅದೇ. ಇನ್ನೊಂದು ತಿರುವಿದಳು, ಅದೇ. ಎರಡೂವರೆ ವರ್ಷದ ತುಂಬ ಒಣಗಿಸಲಾಗಿದೆ, ಒಣಗಿಸಲಾಗಿದೆ. ಪ್ರತಿ ಸಾಲಿನ ಕೊನೆಗೆ ಅವಳದೇ ಸಹಿ. ಸೇರಿದ ಮೊದಲ ವಾರ ಸುಶೀಲವ್ವನಿಗೆ ಒಂದು ಸಲ ಒರೆಸಲು ಹೇಳಿದ್ದಳು, ಅವಳು ಹೂಂ ಅಂದಿದ್ದಳು. ಅಷ್ಟೇ. ಆಮೇಲೆ ಹಿತ್ತಲಿಗೆ ಹೋಗಿ ನೋಡಿದವಳಲ್ಲ.

ನಿನ್ನೆಯಿಂದ ಇದ್ದ ಗೊಂದಲ ಕಡಿಮೆಯಾಗುವ ಬದಲು ಬುಡಮೇಲಾಯಿತು. ಸರ್ ಬಿಡಿಸಿದ್ದು ತಪ್ಪು ಎಂದು ಜಗಳಾಡಿ ಬಂದಿದ್ದಳು. ಈಗ ನೋಡಿದರೆ ಏನೂ ಗೊತ್ತಿಲ್ಲದ ಆ ಮಾಸ್ತರರ ಚಿತ್ರ ನಿಜ, ಎಲ್ಲ ಗೊತ್ತಿರುವ ತನ್ನ ರಿಜಿಸ್ಟರ್ ಸುಳ್ಳು. ಕೆಲಸ ಹೀಗೆ ಆಗಬೇಕು ಎಂಬುದು, ಕೆಲಸ ಹೀಗೆ ಆಗಿದೆ ಎಂಬುದು, ಎರಡೂ ಅವಳ ತಲೆಯಲ್ಲಿ ಯಾವಾಗ ಒಂದೇ ಆದವೋ ಅವಳಿಗೇ ಗೊತ್ತಿರಲಿಲ್ಲ.

ಎದ್ದು ಕಪಾಟಿನಿಂದ ಹನ್ನೊಂದು ಗಂಟೆಯ ಕೇಸಿನ ಗಂಟು ತೆಗೆದಳು. ಪಟ್ಟಿಯ ಗೆರೆಯೇನೋ ಕಪ್ಪಾಗಿತ್ತು. ಅಡಿಯಲ್ಲಿ ಕೈಯಿಟ್ಟರೆ ಬಟ್ಟೆ ಹಸಿಹಸಿ. ಇಷ್ಟು ದಿನ ಇದನ್ನು ಕಂಡಿರಲಿಲ್ಲವೇ? ಕಂಡಿರಬೇಕು. ಯಂತ್ರದ ಉಗಿ ಎಂದುಕೊಂಡಿರಬೇಕು.

"ಸುಶೀಲವ್ವಾ, ಎಲ್ಲಾ ಬಿಚ್ಚು. ಇಬ್ಬರೂ ಕೂಡಿ ಒರಸೋಣು. ಬ್ಯಾರೆ ಅರಿವಿಯೊಳಗ ಸುತ್ತಿ ಮತ್ತ ಇಡೋಣು."

"ಈಗ? ಪೇಶಂಟ್ ಮಲಗಿಸ್ಯಾರಲ್ಲವಾ!"

"ಮಲಗಲಿ."

ಆಪರೇಷನ್ ಒಂದೂವರೆ ತಾಸು ತಡವಾಯಿತು. ಡಾಕ್ಟರು ಕೂಗಾಡಿದರು. "ಇಷ್ಟ ವರ್ಷ ಏನೂ ಆಗಿಲ್ಲ. ಇವತ್ತ ಏನಾತ್ರಿ ನಿಮಗ?" ಎಂದರು. ಏನಾಯಿತೆಂದು ಹೇಳಲು ಹೋದರೆ ಇಂಗ್ಲಿಷ್ ಪರೀಕ್ಷೆಯಿಂದ ಶುರುಮಾಡಬೇಕಿತ್ತು. ಬೇನಜೀರ ರಿಜಿಸ್ಟರ್ ತೆಗೆದಳು. ಆ ದಿನದ ಮೊದಲ ಸಾಲಿನಲ್ಲಿ, ಒರೆಸದೆ ಸುತ್ತಿದ್ದು, ಗಂಟು ಹಸಿಯಾಗಿತ್ತು, ಬಳಸಲಿಲ್ಲ ಎಂದು ಬರೆದಳು. ಹಾಗೆ ಬರೆಯುವಾಗ ಅಕ್ಷರ ಎಂದಿನಷ್ಟು ದುಂಡಗೆ ಬರಲಿಲ್ಲ.

ಶುಕ್ರವಾರ ಸಂಜೆ ರಾಣೇಬೆನ್ನೂರಿನಲ್ಲಿ, ಸರ್ ಗಡಿಯಾರ ಇಟ್ಟುಕೊಂಡು ಕೂರಿಸಿದಾಗ, ವರದಿ ಹದಿನೆಂಟು ನಿಮಿಷದಲ್ಲಿ ಮುಗಿಯಿತು. ಒಟ್ಟು ಏಳು ಹಂತ, ಬಳಸಿದ್ದನ್ನು ಕೂಡಿಸುವುದರಿಂದ ಶುರು, ಕಪಾಟಿನಲ್ಲಿ ಇಡುವುದಕ್ಕೆ ಮುಗಿತಾಯ, ಅಲ್ಲಿಂದ ಮತ್ತೆ ಮೊದಲಿಗೆ. ಮೊದಲು ಕೂಡಿಸಲಾಗುತ್ತದೆ, ಆಮೇಲೆ ಇಪ್ಪತ್ತು ನಿಮಿಷ ನೆನೆಸಲಾಗುತ್ತದೆ, ಉಜ್ಜಿದ ನಂತರ ನಲ್ಲಿಯ ನೀರಿನಲ್ಲಿ ತೊಳೆಯಲಾಗುತ್ತದೆ, ನಂತರ ಬಟ್ಟೆಯಲ್ಲಿ ಸುತ್ತಲಾಗುತ್ತದೆ. ಐದನೆಯದಕ್ಕೆ ಈ ಸಲ ಕೈ ತಡೆಯಲಿಲ್ಲ. ತಡೆಯದ್ದಕ್ಕೇ ಅವಳಿಗೆ ಅಳು ಬಂದಂತಾಯಿತು.

ಸರ್ ಓದಿದರು, ಮತ್ತೊಮ್ಮೆ ಓದಿದರು. ಕೆಂಪು ಪೆನ್ನು ಒಂದೇ ಒಂದು ಕಡೆ ಅಲ್ಪವಿರಾಮ ಹಾಕಿತು. ಕೆಳಗೆ ಏಳು.

"ಭಲೇ ಸಿಸ್ಟರ್! ಇದ ನೋಡ್ರಿ ಬೇಕಾಗಿದ್ದು. ಹಿಂಗ ಬರದ್ರ ಆರೂವರಿ ಎಲ್ಲೂ ಹೋಗೂದಿಲ್ಲ. ಎರಡ ದಿನದಾಗ ಏನ ಮಾಯಾ ಆತ್ರಿ?"

ಜಾಕೀರ್ ಹಾಳೆ ಇಸಿದುಕೊಂಡು ಓದತೊಡಗಿದ. ಬೇನಜೀರ ನಿಂತೇ ಇದ್ದಳು. ಇಷ್ಟು ದಿನ ಕಾದ ಅಂಕ ಕಣ್ಣೆದುರಿಗಿದ್ದರೂ ಅವಳಿಗೆ ಬೇರೇನೋ ಕೇಳಬೇಕಿತ್ತು.

"ಸರ್, ಈ ಚಿತ್ರ ಯಾವ ಪುಸ್ತಕದಾಗಿಂದು?"

"ಪುಸ್ತಕ ಎಲ್ಲೀದ್ರಿ, ಕಣ್ಣಾರೆ ಕಂಡದ್ದು. ಹೋದ ವರ್ಷ ನಮ್ಮ ಮನಿಯವರಿಗೆ ಅಪೆಂಡಿಕ್ಸ್ ಆಪರೇಷನ್ ಆತಲ್ಲ, ನಿಮ್ಮ ಹಾವೇರಿಯಾಗ. ನಾಕ ದಿನ ಹಿಂದಿನ ಕಟ್ಟಿ ಮ್ಯಾಲ ಕುಂತಿದ್ದೆ. ಹೊತ್ತ ಹೋಗಬೇಕಲ್ರಿ? ಒಬ್ಬಾಕಿ ಹಿರೇಮನಷ್ಯಾಳು ಆಯಾ, ಬೇವಿನ ಗಿಡದ ಕೆಳಗ ನೀಲಿ ಬಕೆಟ್ ಇಟ್ಕೊಂಡು ತೊಳಿಯೋದು, ಸುತ್ತೋದು, ಎದುರಿನ ಕೋಣ್ಯಾಗ ಮಶೀನಿಗೆ ಇಡೋದು ನೋಡಕೋತ ಕುಂತೆ. ಆಕಿ ಮಾಡಿದ್ದ ಮಾಡಿದಂಗ ಬಿಡಿಸೇನಿ."

ಬೇವಿನ ಗಿಡ, ನೀಲಿ ಬಕೆಟ್, ಕಟ್ಟೆ. ಬೇನಜೀರಳಿಗೆ ಗುರುತು ಸಿಕ್ಕಿತು. "ಮನಿಯವರು ಈಗ ಆರಾಮ ಅದಾರ್ರಿ?"

"ಈಗ ಆರಾಮ. ಆವಾಗ ಹೊಲಿಗಿ ಕೀವಾಗಿ ಎರಡ ತಿಂಗಳ ಭಾಳ ತ್ರಾಸ ತಗೊಂಡ್ಲು. ಶುಗರ್ ಐತಲ್ಲ ಆಕಿಗೆ, ಅದಕ್ಕ ಆಗಿರಬೇಕು ಅಂದ್ರು ಡಾಕ್ಟರ್."

ಅದಕ್ಕೇ ಆಗಿದ್ದರೂ ಆಗಿರಬಹುದು. ಶುಗರ್ ಇದ್ದವರ ಗಾಯ ಮಾಯಲು ತಡ ಎಂಬುದು ಅವಳಿಗೂ ಗೊತ್ತಿತ್ತು. ಹೌದ್ರಿ ಸರ್ ಎಂದು ಹಾಳೆ ಮಡಚಿಕೊಂಡು ಕೆಳಗಿಳಿದರೆ ಮುಗಿಯಿತು. ಬರುವ ವಾರ ಪರೀಕ್ಷೆ, ಆಮೇಲೆ ನರ್ಸಿಂಗ್ ಹೋಮಿನಿಂದ ಅನುಭವದ ಪತ್ರ, ಆಮೇಲೆ ಇಂಗ್ಲೆಂಡು. ಈ ಮಾತು ಹೊರಬಿದ್ದರೆ ಆ ಪತ್ರವನ್ನು ಯಾರು ಕೊಡುತ್ತಾರೆ? ಹೇಳಿದರೆ ಯಾರಿಗೆ ಏನು ಲಾಭ? ಅವಳಿಗೆ ಅದೂ ಗೊತ್ತಾಗಲಿಲ್ಲ. ಎರಡು ದಿನದಿಂದ ಯಾವುದೂ ಗೊತ್ತಾಗುತ್ತಿರಲಿಲ್ಲ.

"ಸರ್, ಅದು ನಮ್ಮ ಆಸ್ಪತ್ರಿರಿ," ಎಂದಳು.

"ಹೌದಾ? ಮತ್ತ ಹೇಳಲೇ ಇಲ್ಲ!" ಸರ್ ನಕ್ಕರು. "ಆ ಆಯಾ ನಿಮಗ ಗೊತ್ತೇನು?"

"ಗೊತ್ರಿ. ಆಕಿ ಒರಸಿರಲಿಲ್ಲ. ನೀವು ಸರಿಯಾಗೇ ನೋಡೀರಿ. ಒರಸಿ ಒಣಗಿಸ್ಯಾರ ಅಂತ ರಿಜಿಸ್ಟರಿನ್ಯಾಗ ಬರದಾಕಿ ನಾನರಿ. ನೋಡದ ಬರದೇನಿ."

ಸರ್ ಅವರ ನಗು ಮುಖದ ಮೇಲೆ ಹಾಗೇ ಉಳಿಯಿತು, ಮುಂದೇನು ಮಾಡಬೇಕೆಂದು ಅದಕ್ಕೆ ತಿಳಿಯಲಿಲ್ಲ. ಕೆಂಪು ಪೆನ್ನನ್ನು ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು. ಜಾಕೀರ್ ಓದುವುದನ್ನು ನಿಲ್ಲಿಸಿದ.

"ತಾರೀಖ ಯಾವುದಂತ ಹೇಳ್ರಿ ಸರ್," ಎಂದಳು ಬೇನಜೀರ. "ಪುಟ ತಗದ ನನ್ನ ಸಹಿ ತೋರಿಸ್ತೇನಿ."